ಮ್ಯಾನೇಜರ್ ಏನೂ ಹೇಳೋದೇ ಇಲ್ಲ, ನನ್ನ ಕೆಲಸ ಚೆನ್ನಾಗಿದೆಯೋ ಇಲ್ಲವೋ ಹೇಗೆ ತಿಳಿಯೋದು?

ಪ್ರಶ್ನೆ: ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಹದಿನಾಲ್ಕು ತಿಂಗಳಾಯಿತು. ಬಂದ ಲಾಟ್‌ನ ಸ್ಯಾಂಪಲ್ ತೆಗೆದು, ಔಟ್‌ಟರ್ನ್ ರಿಪೋರ್ಟ್ ಬರೆದು ಮ್ಯಾನೇಜರ್ ಟೇಬಲ್ ಮೇಲೆ ಇಡುವುದು ನನ್ನ ಕೆಲಸ. ಅವರು ಇದುವರೆಗೆ ಒಂದು ದಿನವೂ ಚೆನ್ನಾಗಿದೆ ಅಂದಿಲ್ಲ, ಸರಿಯಿಲ್ಲ ಅಂತಲೂ ಅಂದಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದೆ, ‘ನಡೀತಿದೆಯಲ್ಲ’ ಅಂದರು. ರಾತ್ರಿ ಮಲಗಿದಾಗ ಇದೇ ತಲೆಯಲ್ಲಿ ತಿರುಗುತ್ತದೆ. ನಾನು ಸರಿಯಾಗಿ ಮಾಡುತ್ತಿದ್ದೇನಾ?

ಇಂಥ ಪ್ರಶ್ನೆ ತಿಂಗಳಿಗೆ ಒಂದೆರಡಾದರೂ ಬರುತ್ತದೆ. ಶಾಲೆಯಿಂದ, ಸಹಕಾರ ಸಂಘದಿಂದ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಿಂದ. ಈ ಸಲ ಇವರದನ್ನೇ ಆರಿಸಿಕೊಳ್ಳಲು ಕಾರಣವಿದೆ. ನಾನೂ ಚಿಕ್ಕಮಗಳೂರಿನಲ್ಲಿ ಇದೇ ವ್ಯಾಪಾರದ ಆಫೀಸಿನಲ್ಲಿ ಬಹಳ ವರ್ಷ ಕೂತವನು. ಇನ್ನೊಂದು, ಇವರ ಕೆಲಸದಲ್ಲಿ ಉತ್ತರ ಕಾಗದದ ಮೇಲೇ ಇತ್ತು. ಆ ಕಾಗದ ಇವರ ಟೇಬಲ್‌ಗೆ ವಾಪಸ್ ಬರುತ್ತಿರಲಿಲ್ಲ, ಅಷ್ಟೇ. ನಾವು ಮೂರು ತಿಂಗಳು ಪತ್ರ ಬರೆದುಕೊಂಡೆವು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಮಾಡಿ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಆ ‘ನಡೀತಿದೆಯಲ್ಲ’ ವಿಷಯ. ನಮ್ಮ ಕಡೆ ಇದು ಬೈಗುಳವಲ್ಲ, ಹೊಗಳಿಕೆಯೂ ಅಲ್ಲ. ನಮ್ಮಪ್ಪ ಬದುಕಿರುವ ತನಕ ಸಾರು ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಅಮ್ಮ ಅದಕ್ಕೆ ಕಾಯುತ್ತಲೂ ಇರಲಿಲ್ಲ. ಎರಡನೇ ಸಲ ಅನ್ನ ಕಲಸಿಕೊಂಡರೋ ಇಲ್ಲವೋ, ಉಪ್ಪಿನ ಡಬ್ಬಿಗೆ ಕೈ ಹೋಯಿತೋ ಇಲ್ಲವೋ, ಅಷ್ಟು ನೋಡಿದರೆ ಆಕೆಗೆ ಸಾಕಾಗಿತ್ತು. ನಾನು ಆಫೀಸಿನಲ್ಲಿ ಅಪ್ಪನ ಹಾಗೇ ಆಗಿಹೋದೆ. ನನ್ನ ಕೈಕೆಳಗೆ ಮೂರು ವರ್ಷ ಇದ್ದ ಹುಡುಗನೊಬ್ಬ ಕೆಲಸ ಬಿಡುವ ದಿನ ಬಾಗಿಲ ಹತ್ತಿರ ನಿಂತು, ‘ಸರ್, ನಾನು ಸರಿಯಾಗಿ ಮಾಡ್ತಿದ್ನಾ?’ ಅಂತ ಕೇಳಿದ. ನನಗೆ ಆಶ್ಚರ್ಯವಾಯಿತು. ಎರಡನೇ ವರ್ಷದಲ್ಲೇ ಗೋಡೌನ್ ಬೀಗದ ಕೈ ಅವನಿಗೆ ಕೊಟ್ಟಿದ್ದೆ. ಅದಕ್ಕಿಂತ ಹೆಚ್ಚು ಇನ್ನೇನು ಹೇಳಬೇಕಿತ್ತು ಅಂತ ನನ್ನ ಯೋಚನೆ. ಅವನ ಲೆಕ್ಕದಲ್ಲಿ ಅದು ಬೆಳಗ್ಗೆ ಒಂದು ಗಂಟೆ ಮೊದಲು ಬರಬೇಕಾದ ಹೊಸ ತಲೆನೋವು.

ಹೀಗೆ ಸುಮ್ಮನಿರುವವರು ಬೇರೆ ಬೇರೆ ಕಾರಣಕ್ಕೆ ಸುಮ್ಮನಿರುತ್ತಾರೆ. ನನ್ನಂಥವರಿಗೆ ಹೇಳಬೇಕು ಅಂತಲೇ ಹೊಳೆದಿರುವುದಿಲ್ಲ. ಕೆಲವರಿಗೆ ತಪ್ಪು ಕಾಣುತ್ತದೆ, ಹೇಳಲು ಮುಜುಗರ. ಕೆಟ್ಟ ಸುದ್ದಿಯನ್ನು ಅದಕ್ಕೆ ಸಂಬಂಧಪಟ್ಟವರ ಎದುರು ಹೇಳಲು ಮನುಷ್ಯ ಹಿಂಜರಿಯುತ್ತಾನೆ ಎಂಬುದನ್ನು ರೋಸನ್ ಮತ್ತು ಟೆಸರ್ ಎಂಬ ಮನಶ್ಶಾಸ್ತ್ರಜ್ಞರು 1970ರಲ್ಲೇ ಪ್ರಯೋಗ ಮಾಡಿ ಬರೆದಿದ್ದಾರೆ. ಅಂಥವರು ತಪ್ಪನ್ನು ತಾವೇ ತಿದ್ದಿ ಮುಂದೆ ಕಳಿಸುತ್ತಾರೆ. ಮೂರನೆಯವರು ರಿಪೋರ್ಟ್ ಓದುವುದೇ ಇಲ್ಲ. ಮೂವರ ಮೌನವೂ ಹೊರಗಿನಿಂದ ಒಂದೇ ಥರ ಕಾಣುತ್ತದೆ. ಮುಖ ನೋಡಿ ಅರ್ಥ ಹುಡುಕುತ್ತಾ ಕೂತರೆ ರಾತ್ರಿ ನಿದ್ದೆ ಬರುವುದಿಲ್ಲ, ನಮ್ಮ ಓದುಗರಿಗೆ ಆದದ್ದೂ ಅದೇ. ಒಂದು ದಿನ ಮ್ಯಾನೇಜರ್ ‘ಗುಡ್ ಮಾರ್ನಿಂಗ್’ಗೆ ತಲೆ ಆಡಿಸಲಿಲ್ಲವಂತೆ. ಅದನ್ನೇ ನಾಲ್ಕು ದಿನ ಯೋಚಿಸಿದೆ ಅಂತ ಬರೆದಿದ್ದರು. ಆ ಹೊತ್ತಿಗೆ ಅವರಿಗೆ ಬೆಂಗಳೂರಿನಿಂದ ಫೋನ್ ಬಂದಿತ್ತೋ ಏನೋ, ಯಾರಿಗೆ ಗೊತ್ತು.

ಆದ್ದರಿಂದ ನಾನು ಕೇಳಿದ್ದು ಒಂದೇ: ನೀವು ಕೊಟ್ಟ ರಿಪೋರ್ಟ್ ಆಮೇಲೆ ಎಲ್ಲಿಗೆ ಹೋಗುತ್ತದೆ?

ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳಾದರೂ! ಇದರಲ್ಲಿ ಅವರ ತಪ್ಪು ಕಡಿಮೆ. ಟೇಬಲ್ ಮೇಲೆ ಇಟ್ಟು ಬರಬೇಕು ಅಂತ ಹೇಳಿಕೊಟ್ಟಿದ್ದರು, ಇಟ್ಟು ಬರುತ್ತಿದ್ದರು.

ಕಾಫಿ ಕೆಲಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೋಬಸ್ಟಾ ಹಣ್ಣನ್ನು ಹೆಚ್ಚಿನವರು ಹಾಗೇ ಕಣದಲ್ಲಿ ಒಣಗಿಸುತ್ತಾರೆ, ಅದು ಚೆರ್ರಿ. ಬೆಳೆಗಾರರು ಚೆರ್ರಿಯನ್ನು 50 ಕೆ.ಜಿ. ಚೀಲದ ಲೆಕ್ಕದಲ್ಲಿ ತರುತ್ತಾರೆ. ಅದರ ಸಿಪ್ಪೆ ತೆಗೆದರೆ ಒಳಗಿನ ಬೀಜ, ಅಂದರೆ ಕ್ಲೀನ್ ಕಾಫಿ, ಒಂದು ಚೀಲಕ್ಕೆ ಎಷ್ಟು ಕೆ.ಜಿ. ಬಂತು ಎಂಬುದೇ ಔಟ್‌ಟರ್ನ್. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಎಲ್ಲರ ಬಾಯಲ್ಲೂ ಅದು ‘ಓಟಿ’. ‘ಓಟಿ ಎಷ್ಟು ಬಂತು?’ ಅಂತ ಕೇಳದ ಬೆಳೆಗಾರನಿಲ್ಲ, ಯಾಕೆಂದರೆ ದುಡ್ಡು ಕೂರುವುದು ಅದರ ಮೇಲೆ. ಲಾರಿ ಬಂದ ದಿನವೇ ಇಡೀ ಲಾಟನ್ನು ಸಿಪ್ಪೆ ತೆಗೆಯುವ ಯಂತ್ರಕ್ಕೆ, ಅಂದರೆ ಹಲ್ಲರ್‌ಗೆ, ಹಾಕಲಾಗುವುದಿಲ್ಲ. ಅದಕ್ಕೆ ಸ್ಯಾಂಪಲ್ ತೆಗೆದು ಅಂದಾಜು ಬರೆಯುತ್ತಾರೆ. ನಿಜವಾದ ಲೆಕ್ಕ ಬರುವುದು ಯಾರ್ಡ್‌ನಲ್ಲಿ ಒಣಗಿಸಿ, ಹಲ್ಲಿಂಗ್ ಮುಗಿದ ಮೇಲೆ, ವಾರಗಳ ನಂತರ.

ಅವರ ಪತ್ರ ಓದಿದಾಗ ನನಗೆ ಅನ್ನಿಸಿದ್ದು, ಈಕೆಯ ಅದೃಷ್ಟ ದೊಡ್ಡದು. ಅಂದಾಜು ಬರೆಯುವ ಕೆಲಸ, ನಿಜ ಏನಾಯಿತು ಅಂತ ಆಮೇಲೆ ತಿಳಿಯುವ ಕೆಲಸ. ಮ್ಯಾನೇಜರ್ ಬಾಯಿ ತೆರೆಯದಿದ್ದರೂ ಹಲ್ಲರ್ ಹೇಳುತ್ತದೆ. ಆ ಎರಡು ಅಂಕಿಗಳನ್ನು ಯಾರೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಹತ್ತು ಲಾಟ್ ಸಾಕು ಅಂತ ಹೇಳಿದೆ. ಪ್ರತಿ ಲಾಟ್‌ಗೆ ತಾನು ಬರೆದ ಅಂಕಿ, ಬೆಳೆಗಾರನಿಗೆ ಹೋದ ಶೀಟ್‌ನಲ್ಲಿದ್ದ ಅಂಕಿ, ಹಲ್ಲಿಂಗ್ ಆದ ಮೇಲೆ ಬಂದ ಅಂಕಿ, ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆಯಿರಿ ಅಂದೆ. ಮೊದಲನೆಯದು ಅವರ ಹತ್ತಿರವೇ ಇತ್ತು. ಮೂರನೆಯದನ್ನು ಹಲ್ಲಿಂಗ್ ರಿಜಿಸ್ಟರ್ ನೋಡಿಕೊಳ್ಳುವ ಮೇಸ್ತ್ರಿ ಕೊಟ್ಟರು. ‘ಅದಕ್ಯಾಕಮ್ಮ ಇಷ್ಟು ದಿನ ಕೇಳ್ಲಿಲ್ಲ, ಇಲ್ಲೇ ಬಿದ್ದಿತ್ತಲ್ಲ’ ಅಂದರಂತೆ. ನಡುವಿನದು ಅಕೌಂಟ್ಸ್ ಅಕ್ಕನ ಫೈಲ್‌ನಲ್ಲಿತ್ತು. ಅದನ್ನು ತೆಗೆದಾಗಲೇ ಈಕೆಗೆ ಎದೆ ಧಸಕ್ ಅಂದದ್ದು. ಹತ್ತರಲ್ಲಿ ಐದು ಲಾಟ್‌ಗಳಲ್ಲಿ ತಾನು ಬರೆದ ಅಂಕಿ ಇರಲಿಲ್ಲ. ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬೇರೆ ಅಂಕಿ ಬರೆದಿತ್ತು. ಕೈಬರಹ ಮ್ಯಾನೇಜರ್‌ದೇ.

ಆ ದಿನ ಬಂದ ಪತ್ರದಲ್ಲಿ ‘ನನ್ನ ಕೆಲಸ ಪೂರ್ತಿ ಕೆಟ್ಟಿದೆ ಅಂತ ಈಗ ಗೊತ್ತಾಯಿತು’ ಅಂತ ಇತ್ತು. ಇಷ್ಟು ಬೇಗ ತೀರ್ಪಿಗೆ ಹೋಗಬೇಡಿ, ಮೊದಲು ಆ ಐದು ಯಾವುವು ಅಂತ ನೋಡಿ ಅಂತ ಬರೆದೆ. ತಿದ್ದಿದವು, ತಿದ್ದದವು ಅಂತ ಎರಡು ಗುಂಪು ಮಾಡಿ, ಎರಡರ ನಡುವೆ ಏನು ವ್ಯತ್ಯಾಸ ಅಂತ ಹುಡುಕಬೇಕು. ಬೆಳೆಗಾರ ಯಾರು, ಯಾವ ದಿನ, ಸ್ಯಾಂಪಲ್ ತೆಗೆದವರು ಯಾರು, ಚೀಲ ಒದ್ದೆಯಿತ್ತಾ.

ಎರಡು ದಿನದಲ್ಲಿ ಸಿಕ್ಕಿತು. ತಿದ್ದಿದ ಐದೂ ತೇವಾಂಶ ಶೇ 12 ಅಥವಾ ಅದಕ್ಕೆ ಮೇಲಿದ್ದ ಲಾಟ್‌ಗಳು. ತಿದ್ದದ ಐದರಲ್ಲಿ ನಾಲ್ಕು ಶೇ 11ರ ಆಸುಪಾಸಿನವು. ಆ ನಾಲ್ಕರಲ್ಲಿ ಇವರು ಬರೆದ ಅಂಕಿಗೂ ಹಲ್ಲಿಂಗ್ ಅಂಕಿಗೂ 0.1ಕ್ಕಿಂತ ಹೆಚ್ಚು ಅಂತರವೇ ಇಲ್ಲ. ಇದು ಒಳ್ಳೆಯ ಕೆಲಸ, ನಾನು ಕಂಡ ಅನುಭವಸ್ಥರಲ್ಲೂ ಎಲ್ಲರಿಗೆ ಇಷ್ಟು ಕೂರುವುದಿಲ್ಲ. ಉಳಿದ ಒಂದು ಲಾಟ್ ಒದ್ದೆಯದ್ದೇ, ಆದರೆ ಆ ವಾರ ಮ್ಯಾನೇಜರ್ ರಜೆಯಲ್ಲಿದ್ದರು. ಅಂಕಿ ಹಾಗೇ ಹೋಗಿತ್ತು. ಕೊನೆಗೆ ಕಡಿಮೆ ಬಂದು ಬೆಳೆಗಾರ ಬಂದು ಜಗಳ ಮಾಡಿದ್ದು ಈಕೆಗೂ ನೆನಪಿತ್ತು. ಜಗಳಕ್ಕೆ ಕಾರಣ ತನ್ನ ಟೇಬಲ್‌ನಿಂದ ಹೊರಟದ್ದು ಅಂತ ಮಾತ್ರ ಗೊತ್ತಿರಲಿಲ್ಲ.

ಒಂದು ಲಾಟ್ ಪೂರ್ತಿ ತೆಗೆದುಕೊಂಡು ನೋಡೋಣ. 120 ಚೀಲ ಚೆರ್ರಿ. ಬೇರೆ ಬೇರೆ ಚೀಲಗಳಿಂದ ತೆಗೆದು ಬೆರೆಸಿ 500 ಗ್ರಾಂ ಸ್ಯಾಂಪಲ್ ಮಾಡಿದರು, ಸಣ್ಣ ಹಲ್ಲರ್‌ನಲ್ಲಿ ಸಿಪ್ಪೆ ತೆಗೆದಾಗ 265 ಗ್ರಾಂ ಬೀಜ ಬಂತು. ಅಂದರೆ ಶೇ 53, ಐವತ್ತು ಕೆ.ಜಿ.ಗೆ 26.5. ಅದನ್ನೇ ಬರೆದರು. ಪಕ್ಕದ ಕಾಲಂನಲ್ಲಿ ತೇವಾಂಶ ಶೇ 12.5 ಅಂತ ಪ್ರಾಮಾಣಿಕವಾಗಿ ಬರೆದೂ ಇದ್ದರು. ಆದರೆ ರೋಬಸ್ಟಾ ಚೆರ್ರಿಯ ತೇವಾಂಶ ಶೇ 11ಕ್ಕೆ ಇಳಿಯುವ ತನಕ ಯಾರ್ಡ್‌ನಲ್ಲಿ ಒಣಗಿಸುತ್ತಾರೆ. ಆ ಒಂದೂವರೆ ಶೇಕಡಾ ನೀರು ಬಿಸಿಲಿಗೆ ಹೋಗುತ್ತದೆ, ತೂಕವೂ ಅದರ ಜೊತೆ ಹೋಗುತ್ತದೆ. ಲೆಕ್ಕ ಸುಲಭ. 12.5 ನೀರು ಕಳೆದರೆ ಉಳಿಯುವ ಒಣ ಭಾಗ 87.5. ಒಣಗಿದ ಮೇಲೆ ಅದೇ ಒಣ ಭಾಗ ನೂರರಲ್ಲಿ 89 ಆಗಿರುತ್ತದೆ. 26.5ನ್ನು 87.5ರಿಂದ ಗುಣಿಸಿ 89ರಿಂದ ಭಾಗಿಸಿದರೆ ಸುಮಾರು 26.05. ಮ್ಯಾನೇಜರ್ ಪೆನ್ಸಿಲ್‌ನಲ್ಲಿ ಬರೆದದ್ದು 26.

ಲೆಕ್ಕದ ಪ್ರಕಾರ ಚೀಲಕ್ಕೆ 0.45 ಕೆ.ಜಿ. ವ್ಯತ್ಯಾಸ, ಇದೇನು ದೊಡ್ಡದು ಅನ್ನಿಸಬಹುದು. 120 ಚೀಲಕ್ಕೆ 54 ಕೆ.ಜಿ. ಕ್ಲೀನ್ ಕಾಫಿ. ಕೆ.ಜಿ.ಗೆ 400 ರೂಪಾಯಿ ಅಂತ ಇಟ್ಟುಕೊಂಡರೂ 21,600 ರೂಪಾಯಿ. ಬೆಳೆಗಾರ ಮನೆಗೆ ಹೋಗಿ ಆ ದುಡ್ಡನ್ನು ಮನಸ್ಸಿನಲ್ಲೇ ಖರ್ಚು ಮಾಡಿಟ್ಟಿರುತ್ತಾನೆ.

ಇಷ್ಟಾದ ಮೇಲೆ ‘ನನ್ನ ಕೆಲಸ ಚೆನ್ನಾಗಿದೆಯಾ’ ಎಂಬ ಪ್ರಶ್ನೆ ಎಷ್ಟು ಚಿಕ್ಕದಾಯಿತು ನೋಡಿ. ಸ್ಯಾಂಪಲ್ ತೆಗೆಯುವುದು ಚೆನ್ನಾಗಿದೆ. ತೂಕ, ಹಲ್ಲಿಂಗ್, ಮೀಟರ್ ಓದುವುದು ಎಲ್ಲಾ ಸರಿ. ಕೊನೆಯ ಒಂದು ಗುಣಾಕಾರ ಬಿಟ್ಟುಹೋಗಿದೆ. ಆ ಮೂರು ಥರದ ಮೌನದಲ್ಲಿ ಮ್ಯಾನೇಜರ್‌ದು ಯಾವುದು ಎಂಬುದೂ ತಿಳಿಯಿತು. ಪ್ರತಿ ಲಾಟ್ ಓದುತ್ತಾರೆ, ತಪ್ಪು ಹಿಡಿಯುತ್ತಾರೆ, ತಾವೇ ತಿದ್ದುತ್ತಾರೆ. ಓದದೇ ಇರುವವರ ಕೈಕೆಳಗೆ ಇದ್ದಿದ್ದರೆ ಹತ್ತೂ ಅಂಕಿ ಹಾಗೇ ಹೋಗಿರುತ್ತಿದ್ದವು. ನಿಮ್ಮ ಕೆಲಸ ಕಾಫಿಯದ್ದಲ್ಲದಿರಬಹುದು, ಆದರೆ ನೀವು ಕೊಟ್ಟ ರೂಪಕ್ಕೂ ಹೊರಗೆ ಹೋದ ರೂಪಕ್ಕೂ ಅಂತರ ಇದ್ದೇ ಇರುತ್ತದೆ. ಪತ್ರ ಬರೆದುಕೊಡುತ್ತೀರಾ, ಸಹಿಯಾಗಿ ಹೋದ ಪತ್ರ ತರಿಸಿ ಓದಿ. ಪ್ರಶ್ನೆಪತ್ರಿಕೆ ತಯಾರಿಸುತ್ತೀರಾ, ಮುದ್ರಣವಾಗಿ ಬಂದದ್ದನ್ನು ನಿಮ್ಮ ಕರಡಿನ ಪಕ್ಕದಲ್ಲಿಡಿ. ಒಂದು ಸಲ ಬದಲಾಗಿದ್ದರೆ ಬಿಡಿ. ಮೂರು ಸಲ ಒಂದೇ ಜಾಗ ಬದಲಾಗಿದ್ದರೆ ಅದು ನಿಮಗೆ ಹೇಳದೇ ಉಳಿದ ಮಾತು.

ಓದುತ್ತಾರೋ ಇಲ್ಲವೋ ಅಂತ ಪರೀಕ್ಷಿಸಲು ಬೇಕೆಂದೇ ಒಂದು ತಪ್ಪು ಬರೆದು ನೋಡಿ ಅಂತ ಬುದ್ಧಿ ಹೇಳುವವರಿದ್ದಾರೆ. ದಯವಿಟ್ಟು ಬೇಡ. ಅದು ಯಾರದೋ ವರ್ಷದ ಬೆಳೆ. ಅದರ ಬದಲು ರಿಪೋರ್ಟ್‌ನ ಕೊನೆಯಲ್ಲಿ ನಿಜವಾದ ಒಂದು ಪ್ರಶ್ನೆ ಬರೆದಿಡಿ: ‘ಈ 14 ಚೀಲಗಳಲ್ಲಿ ಕಪ್ಪು ಬೀಜ ಹೆಚ್ಚಿದೆ, ಬೇರೆ ಇಡಬೇಕೆ?’ ಓದುವವರು ಉತ್ತರ ಕೊಡುತ್ತಾರೆ. ಎರಡು ಮೂರು ಸಲ ಉತ್ತರ ಬರಲೇ ಇಲ್ಲ ಅಂದರೆ ಅವರ ಮೌನದಲ್ಲಿ ನಿಮ್ಮ ಬಗ್ಗೆ ಅಭಿಪ್ರಾಯವೇ ಇಲ್ಲ ಅಂತ ತಿಳಿಯಬಹುದು. ಆಗ ಅವರನ್ನು ಬಿಟ್ಟು, ನಿಮ್ಮ ಕೆಲಸ ಯಾರ ಕೈಗೆ ಹೋಗುತ್ತದೋ ಅವರನ್ನು ಕೇಳಬೇಕು. ಇಲ್ಲಿ ಆ ಮೇಸ್ತ್ರಿ.

ಈಗ ಮಾತಾಡುವ ವಿಷಯ. ಇವರ ಮ್ಯಾನೇಜರ್ ಓದುವವರೇ ಆದ್ದರಿಂದ ಮಾತಾಡಲೇಬೇಕಿತ್ತು. ಕೆಲಸಗಾರರು ತಮ್ಮ ಕೆಲಸದ ಬಗ್ಗೆ ಎರಡು ದಾರಿಯಲ್ಲಿ ತಿಳಿಯುತ್ತಾರೆ, ಸುತ್ತ ನೋಡಿ ಊಹಿಸುವುದು ಒಂದು, ನೇರ ಕೇಳುವುದು ಇನ್ನೊಂದು ಎಂದು ಆ್ಯಶ್‌ಫರ್ಡ್ ಮತ್ತು ಕಮಿಂಗ್ಸ್ 1983ರಲ್ಲಿ ಬರೆದರು. ಕೇಳಿದರೆ ಮುಖ ಕೆಡುತ್ತದೆ ಎಂಬ ಭಯ, ಊಹೆ ತಪ್ಪಬಹುದು ಎಂಬ ಭಯ, ಎರಡರಲ್ಲೂ ಒಂದೊಂದು ಬೆಲೆ ಇದೆ. ಈ ಹತ್ತು ಲಾಟ್‌ನ ಲೆಕ್ಕ ಊಹೆಯ ಭಾಗವನ್ನು ಆದಷ್ಟು ಗಟ್ಟಿ ಮಾಡಿತ್ತು. ಆದರೆ ಪೆನ್ಸಿಲ್ ಗೆರೆಗೆ ಕಾರಣ ತೇವಾಂಶವೇ ಅಂತ ಖಚಿತವಾಗಬೇಕಾದರೆ ಗೆರೆ ಎಳೆದವರೇ ಹೇಳಬೇಕು.

ಹೋದ ವರ್ಷ ಕೇಳಿದ ಪ್ರಶ್ನೆ ‘ಸರ್, ನನ್ನ ಕೆಲಸ ಹೇಗಿದೆ?’. ಇದಕ್ಕೆ ಉತ್ತರ ಕೊಡುವುದು ಎಷ್ಟು ಕಷ್ಟ ಅಂತ ಮ್ಯಾನೇಜರ್ ಕುರ್ಚಿಯಲ್ಲಿ ಕೂತವನಿಗೆ ಗೊತ್ತು. ಅಲ್ಲಿ ಕೇಳಿದ್ದು ಮನುಷ್ಯನ ಬಗ್ಗೆ ತೀರ್ಪು. ಚೆನ್ನಾಗಿದೆ ಅಂದರೆ ಸಂಬಳ ಜಾಸ್ತಿ ಕೇಳಬಹುದು, ಸರಿಯಿಲ್ಲ ಅಂದರೆ ಅಳಬಹುದು. ‘ನಡೀತಿದೆಯಲ್ಲ’ ಅಂದುಬಿಟ್ಟರೆ ಇಬ್ಬರೂ ಬಚಾವ್. ಇನ್ನೊಂದು ಸಂಗತಿಯೂ ಇದೆ. ಕ್ಲೂಗರ್ ಮತ್ತು ಡೆನಿಸಿ 1996ರಲ್ಲಿ ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಅಭಿಪ್ರಾಯ ಹೇಳುವುದರಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು, ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಕೆಟ್ಟಿತ್ತು. ಮಾಡುತ್ತಿರುವ ಕೆಲಸದಿಂದ ಗಮನ ‘ನಾನು ಎಂಥವನು’ ಎಂಬ ಕಡೆಗೆ ಹೋದಷ್ಟೂ ಉಪಯೋಗ ಕಡಿಮೆ ಎಂಬುದು ಅವರ ವಿವರಣೆ. ಅಂದರೆ ಮ್ಯಾನೇಜರ್ ‘ನೀನು ಬಹಳ ಒಳ್ಳೆ ಹುಡುಗಿ’ ಅಂತ ಹೇಳಿದ್ದರೂ ಆ ಗುಣಾಕಾರ ಬಿಟ್ಟೇ ಹೋಗಿರುತ್ತಿತ್ತು.

ನಾನು ಬರೆದುಕೊಟ್ಟ ಸಾಲು ಇದು: ‘ಸರ್, ಈ ಲಾಟ್‌ಗೆ ನಾನು 26.5 ಬರೆದಿದ್ದೆ, ಶೀಟ್‌ನಲ್ಲಿ 26 ಆಗಿದೆ. ತೇವಾಂಶಕ್ಕೆ ಕಳೆದಿದ್ದಾ? ಹಾಗಿದ್ರೆ ಮುಂದಿನ ಸಲದಿಂದ ನಾನೇ ಕಳೆದು ಬರೀಲಾ?’ ಇದರಲ್ಲಿ ಹೊಗಳಿ ಅಂತ ಕೇಳಿಲ್ಲ, ಯಾಕೆ ತಿದ್ದಿದಿರಿ ಅಂತ ಆಕ್ಷೇಪವೂ ಇಲ್ಲ. ಕೊನೆಯ ಭಾಗ ಅವರ ಕೆಲಸ ಒಂದಿಷ್ಟು ಇಳಿಸುತ್ತದೆ. ಕಾಗದ ಕೈಯಲ್ಲಿರಬೇಕು, ಒಂದೇ ಲಾಟ್‌ನದ್ದು. ಐದನ್ನೂ ಹರಡಿಟ್ಟರೆ ಲೆಕ್ಕ ಪರಿಶೋಧನೆಗೆ ಬಂದ ಹಾಗಿರುತ್ತದೆ. ಜನವರಿಯಿಂದ ಮಾರ್ಚ್ ತನಕ ಗೇಟಿನಲ್ಲಿ ಲಾರಿ ನಿಂತಿರುತ್ತವೆ, ಬೆಳೆಗಾರರು ಒಳಗೆ ಕೂತಿರುತ್ತಾರೆ. ಅವರ ಎದುರಿಗಂತೂ ಕೇಳಲೇಬಾರದು. ಕೊನೆಯ ಲಾರಿ ಇಳಿದು ಸಂಜೆ ಕಾಫಿ ಕುಡಿಯುವ ಹೊತ್ತು ಸರಿ ಅಂತ ಬರೆದೆ.

ಅವರು ಒಂದು ವಾರ ತಡ ಮಾಡಿ ಕೇಳಿದರು. ಉತ್ತರವನ್ನು ಅವರ ಪತ್ರದಿಂದ ಹಾಗೇ ಕೊಡುತ್ತೇನೆ:

‘ಹೌದಮ್ಮ, ತೇವಕ್ಕೆ ಕಳೀಬೇಕಲ್ಲ. ಅದು ನಿಂಗೆ ಗೊತ್ತಿದೆ, ಪಾರ್ಟಿ ಎದ್ರು ಜಾಸ್ತಿ ಕಾಣ್ಲಿ ಅಂತ ಹಾಗೇ ಬರೀತೀಯ ಅನ್ಕೊಂಡಿದ್ದೆ.’

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹದಿನಾಲ್ಕು ತಿಂಗಳು ಈಕೆ, ಸಾಹೇಬರು ಏನು ಅಂದುಕೊಂಡಿದ್ದಾರೋ ಅಂತ ಊಹಿಸಿದಳು. ಅಷ್ಟೇ ಕಾಲ ಅವರೂ ಈಕೆಯ ಬಗ್ಗೆ ಊಹಿಸುತ್ತಿದ್ದರು. ಅದೂ ಚೆನ್ನಾಗಿಲ್ಲದ ಊಹೆ: ಗೊತ್ತಿದ್ದೂ ಬೆಳೆಗಾರರ ಮೆಚ್ಚುಗೆಗೆ ಅಂಕಿ ಏರಿಸುತ್ತಾಳೆ ಅಂತ. ಕೇಳದೇ ಹೋಗಿದ್ದರೆ ಅದು ಹಾಗೇ ಗಟ್ಟಿಯಾಗುತ್ತಿತ್ತು. ಈಕೆಗೆ ಮೊದಲು ಆ ಕೆಲಸದಲ್ಲಿದ್ದವರು ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಬರೆಯುತ್ತಿದ್ದರಂತೆ. ಬಿಟ್ಟು ಹೋಗುವಾಗ ಹೇಳಿಕೊಟ್ಟಿರಲಿಲ್ಲ, ರಿಪೋರ್ಟ್ ಫಾರಂನಲ್ಲಿ ಅದಕ್ಕೊಂದು ಕಾಲಂ ಕೂಡ ಇರಲಿಲ್ಲ.

ಅಂದೇ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಕಳಿಸಲು ಹೇಳಿದೆ: ‘ಸರ್, ಇವತ್ತು ಹೇಳಿದ ಹಾಗೆ ಶೇ 11ಕ್ಕಿಂತ ತೇವ ಹೆಚ್ಚಿದ್ದರೆ ಕಳೆದು ಬರೆಯುತ್ತೇನೆ. ಸ್ಯಾಂಪಲ್ ಅಂಕಿ, ಕಳೆದ ಅಂಕಿ ಎರಡನ್ನೂ ಬರೆದಿರುತ್ತೇನೆ.’ ಬಾಯಿಮಾತಿನಲ್ಲಿ ಆದದ್ದು ಮರೆತುಹೋಗುತ್ತದೆ, ಸುಮ್ಮನಿರುವವರ ಬಾಯಿಮಾತು ಇನ್ನೂ ಬೇಗ. ಮುಂದೆ ಯಾರಾದರೂ ಕೇಳಿದರೆ ತೋರಿಸಲು ಇದು ಇರುತ್ತದೆ. ಅವರಿಂದ ಹೆಬ್ಬೆರಳು ಎತ್ತಿದ ಗುರುತು ಬಂತು, ಅದೂ ಮರುದಿನ ಮಧ್ಯಾಹ್ನ.

ಈ ಲೆಕ್ಕಕ್ಕೆ ಮಿತಿಯೂ ಇದೆ ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಹಲ್ಲರ್ ಅಂಕಿ ಹೇಳುತ್ತದೆ, ನಿಮ್ಮ ಮೇಲೆ ನಂಬಿಕೆ ಇದೆಯೋ ಇಲ್ಲವೋ ಹೇಳುವುದಿಲ್ಲ. ಅದಕ್ಕೆ ನೋಡಬೇಕಾದ್ದು ಕೈಗೆ ಬರುವ ಕೆಲಸ. ದೊಡ್ಡ ಎಸ್ಟೇಟ್‌ಗಳ ಲಾಟ್ ನಿಮಗೇ ಕೊಡುತ್ತಾರಾ, ಬೆಳೆಗಾರ ಜಗಳಕ್ಕೆ ಬಂದಾಗ ನಿಮ್ಮನ್ನು ಒಳಗೆ ಕರೆಯುತ್ತಾರಾ, ಹೊಸಬರನ್ನು ನಿಮ್ಮ ಪಕ್ಕ ಕೂರಿಸುತ್ತಾರಾ. ಇವು ಒಂದೊಂದಾಗಿ ಕಡಿಮೆಯಾಗುತ್ತಾ ಬಂದರೆ, ನೀವು ತೆಗೆದ ಸ್ಯಾಂಪಲನ್ನೇ ಇನ್ನೊಬ್ಬರ ಕೈಲಿ ಮತ್ತೆ ತೆಗೆಸುತ್ತಿದ್ದರೆ, ಆ ಮೌನ ಬೇರೆ. ಅಲ್ಲೂ ಅವಸರ ಬೇಡ. ಇವರೂ ಒಮ್ಮೆ ಹಾಗೆ ಗಾಬರಿಯಾಗಿ ಬರೆದಿದ್ದರು. ವಿಚಾರಿಸಿದರೆ ಅವರಲ್ಲಿ ದೊಡ್ಡ ಲಾಟ್‌ಗಳಿಗೆ ಯಾವಾಗಲೂ ಎರಡು ಸ್ಯಾಂಪಲ್, ಈಕೆ ಸೇರುವ ಮೊದಲಿನಿಂದಲೂ.

ಒಂದು ಕಡೆ ಮಾತ್ರ ಊಹೆಯನ್ನೂ ನಂಬಬಾರದು, ಪೆನ್ಸಿಲ್ ಗೆರೆಯನ್ನೂ ನಂಬಬಾರದು. ಅದು ನೇಮಕಾತಿ ಪತ್ರ. ಇವರದರಲ್ಲಿ ಆರು ತಿಂಗಳು ಪ್ರೊಬೇಶನ್ ಅಂತ ಇತ್ತು. ಅದರ ಕೆಳಗಿನ ಸಾಲು ಓದಿ ಹೇಳಿ ಅಂದೆ. ‘ಲಿಖಿತವಾಗಿ ಖಾಯಂ ಮಾಡುವವರೆಗೆ ಪ್ರೊಬೇಶನ್ ಮುಂದುವರಿಯುತ್ತದೆ’ ಅಂತ ಇತ್ತು. ಆರು ತಿಂಗಳು ಮುಗಿದ ದಿನ ತಾನಾಗಿಯೇ ಖಾಯಂ ಆಯಿತು ಅಂತ ಈಕೆ ತಿಳಿದಿದ್ದರು, ಮನೆಯಲ್ಲಿ ಹಾಗೇ ಹೇಳಿದ್ದರು ಕೂಡ. ಕಾಗದದ ಪ್ರಕಾರ ಇನ್ನೂ ಪ್ರೊಬೇಶನ್‌ನಲ್ಲೇ ಇದ್ದಾರೆ. ಇದನ್ನು ಸಂಜೆ ಕಾಫಿ ಹೊತ್ತಿನಲ್ಲಿ ಕೇಳುವುದಲ್ಲ, ಮೇಲ್‌ನಲ್ಲಿ ಕೇಳಬೇಕು, ಆಡಳಿತ ವಿಭಾಗಕ್ಕೂ ಒಂದು ಪ್ರತಿ ಹೋಗಬೇಕು. ಸೇರಿದ ದಿನಾಂಕ, ಪ್ರೊಬೇಶನ್ ಮುಗಿಯಬೇಕಿದ್ದ ದಿನಾಂಕ, ಖಾಯಂ ಪತ್ರ ಯಾವಾಗ ಸಿಗಬಹುದು ಎಂಬ ಪ್ರಶ್ನೆ, ಇಷ್ಟೇ. ಕೆಲಸ ಎಷ್ಟು ಚೆನ್ನಾಗಿ ಮಾಡಿದೆ ಎಂಬ ಪುರಾಣ ಅದರಲ್ಲಿ ಬೇಡ. ಕೇಳಿದರೆ ತೋರಿಸಲು ಆ ನೋಟ್‌ಬುಕ್ ಇದೆಯಲ್ಲ.

ಮೊನ್ನೆ ಬಂದ ಪತ್ರದಲ್ಲಿ ಇನ್ನೂ ಆರು ಲಾಟ್‌ನ ಅಂಕಿ ಕಳಿಸಿದ್ದಾರೆ. ಕಳೆದು ಬರೆಯಲು ಶುರು ಮಾಡಿದ ಮೇಲೆ ಶೀಟ್‌ನಲ್ಲಿ ಪೆನ್ಸಿಲ್ ಗೆರೆ ಒಂದೂ ಇಲ್ಲ. ಮ್ಯಾನೇಜರ್ ಮತ್ತೆ ಏನೂ ಹೇಳಿಲ್ಲ. ಒಂದು ದಿನ ಮಾತ್ರ ಹೊಸದಾಗಿ ಸೇರಿದ ಹುಡುಗನನ್ನು ಕರೆದುಕೊಂಡು ಬಂದು, ‘ಇವ್ನಿಗೂ ಆ ತೇವದ ಲೆಕ್ಕ ಹೇಳ್ಕೊಡಮ್ಮ’ ಅಂತ ಹೇಳಿ ಹೋದರಂತೆ. ಖಾಯಂ ಪತ್ರದ ಮೇಲ್‌ಗೆ ‘ನೋಡ್ತೀನಿ’ ಅಂತ ಉತ್ತರ ಬಂದಿದೆ. ಹದಿನೈದು ದಿನ ಬಿಟ್ಟು ಅದರ ಮೇಲೇ ಮತ್ತೊಂದು ಮೇಲ್ ಹಾಕಿ ಅಂತ ಬರೆದಿದ್ದೇನೆ.